ಪೆಟ್ಟಿಗೆಯ ಬಣ್ಣವೋ, ಪಾರ್ಲರಿನ ಬಣ್ಣವೋ?

ಕಮಲಾಪುರದ ಕೆಂಪು ಬಾಳೆಹಣ್ಣಿನ ಸಿಪ್ಪೆ ನೋಡಿದ್ದೀರಲ್ಲ? ಹೆಚ್ಚುಕಡಿಮೆ ಅದೇ ಬಣ್ಣ ಅಂಗಡಿಯಲ್ಲಿ ‘ಬರ್ಗಂಡಿ’ ಎಂಬ ಹೆಸರಿನಲ್ಲಿ ಕೂದಲಿಗೂ ಸಿಗುತ್ತದೆ. ಆ ಊರಿನಿಂದ ದಿನವೂ ಬಸ್ಸು ಹಿಡಿದು ಕಲಬುರಗಿಯ ಕಾಲೇಜಿಗೆ ಬರುವ ಒಬ್ಬ ಹುಡುಗಿಗೆ ಈ ಬಣ್ಣದ ಮೇಲೆ ಮನಸ್ಸಾಗಿದೆ ಎಂದಿಟ್ಟುಕೊಳ್ಳಿ. ಸೊಂಟ ಮುಟ್ಟುವ ಜಡೆ, ಎಣ್ಣೆಗಪ್ಪು ಕೂದಲು. ಕೈಖರ್ಚಿಗೆ ಮನೆಯಲ್ಲಿ ಕೊಡುವುದೇ ಅಷ್ಟಕ್ಕಷ್ಟೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ದುಡ್ಡೇನೋ ಉಳಿದಿದೆ. ಅದರಲ್ಲಿ ಕೂದಲಿಗೆ ಎಷ್ಟು ಎಂಬುದೇ ಪ್ರಶ್ನೆ.

ಅವಳು ಮೊದಲು ತಿಳಿಯಬೇಕಾದದ್ದು ಬೆಲೆಯಲ್ಲ, ತನ್ನ ಕೂದಲಿನ ಕಪ್ಪು. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿರುವ ಬಣ್ಣ ಕಪ್ಪು ಕೂದಲಿನ ಮೇಲೆ ಹಾಗೆಯೇ ಬರುವುದಿಲ್ಲ. ಟ್ಯೂಬಿನ ಕ್ರೀಮಿನ ಜೊತೆ ಬೆರೆಸುವ ಡೆವಲಪರ್‌ನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಇರುತ್ತದೆ. ಕೂದಲಿನ ಸ್ವಂತ ಕಪ್ಪನ್ನು ತುಸು ತೆಗೆದು ಹೊಸ ಬಣ್ಣಕ್ಕೆ ಜಾಗ ಮಾಡಿಕೊಡುವುದು ಅದರ ಕೆಲಸ. ಆದರೆ ತೆಗೆಯುವುದು ತುಸುವೇ. ಹೀಗಾಗಿ ಬರ್ಗಂಡಿ ಹಚ್ಚಿದ ಕರಿಗೂದಲು ನೆರಳಲ್ಲಿ ಕಪ್ಪಾಗಿಯೇ ಕಂಡು, ಬಿಸಿಲಿಗೆ ಹೋದಾಗ ಮಾತ್ರ ಕೆಂಪಾಗಿ ಹೊಳೆಯುತ್ತದೆ. ಅವಳಿಗೆ ಅಷ್ಟೇ ಸಾಕಿದ್ದರೆ ಪೆಟ್ಟಿಗೆ ಸಾಕು. ಜೇನಿನ ಬಣ್ಣ, ಹೊಂಬಣ್ಣ ಬೇಕೆಂದರೆ ಮೊದಲು ಬ್ಲೀಚ್ ಆಗಬೇಕು. ಅದು ಅರ್ಧಕ್ಕೆ ನಿಂತರೆ ಕೂದಲು ಕಿತ್ತಳೆಯಾಗುತ್ತದೆ. ಆ ಕೆಲಸವನ್ನು ಮನೆಯ ಬಚ್ಚಲಲ್ಲಿ ಮಾಡಬಾರದು. ಕೆಟ್ಟದ್ದನ್ನು ಸರಿಪಡಿಸಲು ಪಾರ್ಲರಿನವರು ಕೇಳುವ ದುಡ್ಡು ಮೊದಲೇ ಅವರ ಹತ್ತಿರ ಹೋಗಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚು.

ಈಗ ಲೆಕ್ಕ. ದರ ಅಂಗಡಿಯಿಂದ ಅಂಗಡಿಗೆ ಬೇರೆ; ತಿಳಿಯಲಿಕ್ಕೆಂದು ಪೆಟ್ಟಿಗೆಗೆ 230 ರೂಪಾಯಿ, ಪಾರ್ಲರಿನಲ್ಲಿ ಪೂರ್ತಿ ತಲೆಗೆ 2,500 ಎಂದು ಹಿಡಿಯೋಣ. ಒಂದು ಪೆಟ್ಟಿಗೆ ಭುಜದುದ್ದದ ಕೂದಲಿಗೆ ಸಾಲುತ್ತದೆ. ಸೊಂಟದ ಜಡೆಗೆ ಎರಡಾದರೂ ಬೇಕು. ಬ್ರಷ್ಷು, ಪ್ಲಾಸ್ಟಿಕ್ ಬಟ್ಟಲಿಗೆ 80 ಸೇರಿ 540 ಆಯಿತು. ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಎರಡು ತಿಂಗಳಿಗೆ ಬೈತಲೆಯ ಎರಡೂ ಬದಿಗೆ ಕರಿ ಪಟ್ಟಿ ಕಾಣಿಸುತ್ತದೆ. ಹತ್ತು ತಿಂಗಳ ಕಾಲೇಜು ವರ್ಷದಲ್ಲಿ ನಾಲ್ಕು ಸಲ ಬುಡಕ್ಕೆ ಹಚ್ಚಬೇಕು. ಮನೆಯಲ್ಲಾದರೆ ನಾಲ್ಕು ಪೆಟ್ಟಿಗೆಗೆ 920, ಒಟ್ಟು 1,460. ಪಾರ್ಲರಿನಲ್ಲಿ ಬುಡದ ಕೆಲಸಕ್ಕೆ ಸಲಕ್ಕೆ 700 ಅಂದರೂ 5,300.

ಪಾರ್ಲರಿನ ಹೆಚ್ಚಿನ ದುಡ್ಡಿಗೆ ಸಿಗುವುದು ಮುಖ್ಯವಾಗಿ ಸಮನಾದ ಬಣ್ಣ. ನೆತ್ತಿಯ ಬಿಸಿಗೆ ಬುಡದ ಕೂದಲು ಬೇಗ ಬಣ್ಣ ಹಿಡಿಯುತ್ತದೆ. ಅದನ್ನು ಬಲ್ಲ ಕೈ ಮೊದಲ ಸಲ ಹಚ್ಚುವಾಗ ನಡುವಿನ ಉದ್ದಕ್ಕೆ ಹಚ್ಚಿ, ಬುಡಕ್ಕೆ ಕೊನೆಗೆ ಬರುತ್ತದೆ. ಮನೆಯಲ್ಲಿ ಕನ್ನಡಿ ಮುಂದೆ ನಿಂತವರು ಬೈತಲೆಯಿಂದಲೇ ಶುರು ಮಾಡುತ್ತಾರೆ. ಬುಡ ಕೆಂಪಗೆ, ನಡು ಕಪ್ಪಗೆ, ಹಿಂದಲೆಯಲ್ಲಿ ಮಚ್ಚೆ ಮಚ್ಚೆ!

ಹಾಗಾದರೆ ಇವಳು ಏನು ಮಾಡಬೇಕು? ನೆತ್ತಿಯನ್ನೇ ಬಿಟ್ಟುಬಿಡಬಹುದು. ಜಡೆಯ ಕೆಳಗಿನ ಒಂದು ಗೇಣಿಗಷ್ಟೇ ಬಣ್ಣ ಹಚ್ಚಿದರೆ ಒಂದೇ ಪೆಟ್ಟಿಗೆ ಸಾಕು. 230 ಮತ್ತು 80, ಒಟ್ಟು 310 ರೂಪಾಯಿ. ಬುಡ ಬೆಳೆದರೂ ಕರಿ ಪಟ್ಟಿಯ ತೊಂದರೆಯಿಲ್ಲ. ತುದಿಯ ಹಳೆಯ ಕೂದಲು ಬಣ್ಣವನ್ನು ಬೇಗ ಹೀರುತ್ತದೆ, ಬೇಸರವಾದರೆ ಕತ್ತರಿಸಲೂಬಹುದು. ಕೆಂಪು ಬೇಗ ಮಾಸುತ್ತದೆಂಬುದು ನಿಜ. ಬೋರಿನ ಗಡಸು ನೀರಿಗೆ ನೊರೆ ಬರಲಿಲ್ಲವೆಂದು ಮತ್ತೆ ಮತ್ತೆ ಶಾಂಪೂ ಸುರಿದರೆ ಇನ್ನೂ ಬೇಗ.

ಎಲ್ಲಿಯೇ ಹಚ್ಚಿಸಿಕೊಂಡರೂ ತಪ್ಪದ ಕೆಲಸವೊಂದಿದೆ. ಇಂಥ ಬಣ್ಣಗಳಲ್ಲಿ ಬಹಳಷ್ಟರಲ್ಲಿ ಪಿಪಿಡಿ ಎಂಬ ರಾಸಾಯನಿಕವಿರುತ್ತದೆ. ಕೆಲವರಿಗೆ ಅದು ಒಗ್ಗದೆ ನೆತ್ತಿ ಉರಿದು, ರೆಪ್ಪೆ, ಮುಖ ಊದಿಕೊಳ್ಳುತ್ತದೆ. ಪೆಟ್ಟಿಗೆಯ ಚೀಟಿಯಲ್ಲಿ ಹೇಳಿದಂತೆ ಚೂರು ಬಣ್ಣವನ್ನು ಚರ್ಮಕ್ಕೆ ಹಚ್ಚಿ 48 ತಾಸು ಕಾಯಬೇಕು. ತುರಿಕೆಯೋ ಕೆಂಪೋ ಕಂಡರೆ ಆ ಪೆಟ್ಟಿಗೆ ಬೇಡ. ಎಂದಾದರೂ ‘ಕಪ್ಪು ಮೆಹಂದಿ’ಯಿಂದ ಚರ್ಮ ಉರಿದಿದ್ದರಂತೂ ವೈದ್ಯರನ್ನು ಕೇಳದೆ ಬಣ್ಣದ ಗೊಡವೆಗೇ ಹೋಗಬಾರದು. ಭಾನುವಾರದ ಮದುವೆಗೆ ಶನಿವಾರ ಪೆಟ್ಟಿಗೆ ತಂದರೆ ಇದಕ್ಕೆ ಹೊತ್ತೆಲ್ಲಿ? ಗುರುವಾರವೇ ತರಬೇಕು.

ಒಮ್ಮೆ ಬೆರೆಸಿದ ಬಣ್ಣ ಉಳಿದರೆ ಚೆಲ್ಲಬೇಕು. ದುಡ್ಡು ಕೊಟ್ಟಿದ್ದೇವೆಂದು ಮುಚ್ಚಳ ಬಿಗಿದು ಇಟ್ಟರೆ ಒಳಗೆ ಗಾಳಿ ತುಂಬಿ ಬಾಟಲಿ ಸಿಡಿದೀತು. ಸಿಡಿಯದಿದ್ದರೂ ಮುಂದಿನ ವಾರ ಆ ಬಣ್ಣ ಹಿಡಿಯುವುದಿಲ್ಲ.