ನೋವು ಹೋದ ಮೇಲೂ ಉಳಿಯುವ ನೀರು: ಮಕ್ಕಳ ಮಧ್ಯಕಿವಿಯ ಸೋಂಕು, ಆ್ಯಂಟಿಬಯೋಟಿಕ್ ಮತ್ತು ಶ್ರವಣ ಪರೀಕ್ಷೆ
(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಮಾತಿನ ಬರಹರೂಪ)

ಮಕ್ಕಳ ಕಿವಿನೋವಿನ ಬಗ್ಗೆ ನಾವೆಲ್ಲ ಪಠ್ಯದಲ್ಲಿ ಓದಿದ್ದೇವೆ. ಹಾಗಾಗಿ ಇವತ್ತು ಒಂದೇ ಪ್ರಶ್ನೆ ಹಿಡಿದು ಮಾತಾಡ್ತೀನಿ. ಜ್ವರ ಇಳಿದು, ನೋವು ನಿಂತು, ಮಗು ಆಟಕ್ಕೆ ಓಡಿದ ಮೇಲೆ ಕಿವಿಯ ಒಳಗೆ ಏನು ನಡೀತಿರುತ್ತದೆ?

ನಮ್ಮ ಉದಾಹರಣೆಗೆ ನಾರಾಯಣಪೇಟೆ ಜಿಲ್ಲೆಯ ನಾರ್ವದ ಕಡೆಯ ಒಂದು ಮಗುವನ್ನು ಕಲ್ಪಿಸಿಕೊಳ್ಳೋಣ. ವಯಸ್ಸು ಎರಡು ವರ್ಷ ಎರಡು ತಿಂಗಳು, ತೂಕ 12 ಕಿಲೋ. ಮನೆಯಲ್ಲಿ ಕನ್ನಡ, ಅಂಗನವಾಡಿಯಲ್ಲಿ ತೆಲುಗು. ನಾಲ್ಕು ದಿನದ ನೆಗಡಿ ಆದ ಮೇಲೆ ಒಂದು ರಾತ್ರಿ ಬಲಗಿವಿ ಹಿಡಿದು ಅತ್ತಿದೆ, ಜ್ವರ 38.4 ಡಿಗ್ರಿ ಸೆಲ್ಸಿಯಸ್. ಬೆಳಿಗ್ಗೆ ವೈದ್ಯರು ನೋಡಿದಾಗ ಬಲಗಿವಿಯ ತಮಟೆ ಕೆಂಪಾಗಿ ಹೊರಕ್ಕೆ ಉಬ್ಬಿದೆ, ಎಡಗಿವಿ ಸರಿಯಾಗಿದೆ, ಸೋರಿಕೆ ಇಲ್ಲ. ಇಲ್ಲಿ ಉಬ್ಬು ಮುಖ್ಯ. ಅತ್ತ ಮಗುವಿನ ತಮಟೆ ಸುಮ್ಮನೆಯೂ ಕೆಂಪಾಗುತ್ತದೆ, ಬರೀ ಕೆಂಪು ನೋಡಿ ಸೋಂಕು ಅನ್ನಲಾಗದು.

ಈ ಮಗುವಿಗೆ ಈಗಲೇ ಆ್ಯಂಟಿಬಯೋಟಿಕ್ ಬೇಕೆ? ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2013ರ ಮಾರ್ಗಸೂಚಿಯನ್ನು ಆಧಾರವಾಗಿ ಇಟ್ಟುಕೊಂಡರೆ ಲೆಕ್ಕ ಹೀಗಿದೆ. ಜ್ವರ 39 ಡಿಗ್ರಿ ಮುಟ್ಟಿದ್ದರೆ, ನೋವು ತೀವ್ರವಾಗಿದ್ದರೆ ಅಥವಾ 48 ಗಂಟೆ ದಾಟಿದ್ದರೆ, ಕಿವಿ ಸೋರುತ್ತಿದ್ದರೆ ತಡಮಾಡದೆ ಔಷಧಿ ಕೊಡಬೇಕು. ಎರಡು ವರ್ಷದೊಳಗಿನ ಮಗುವಿಗೆ ಎರಡೂ ಕಿವಿಯಲ್ಲಿ ಸೋಂಕಿದ್ದರೂ ಕೊಡಬೇಕು. ಆರು ತಿಂಗಳೊಳಗಿನ ಕೂಸಿನಲ್ಲಿ ಕಾಯುವ ಮಾತೇ ಇಲ್ಲ. ನಮ್ಮ ಮಗು ಇದ್ಯಾವುದಕ್ಕೂ ಸೇರೋದಿಲ್ಲ. ಆದ್ದರಿಂದ ಎರಡು ಮೂರು ದಿನ ಕಾದು ನೋಡಬಹುದು. ಆದರೆ ಕಾಯುವುದು ಅಂದ್ರೆ ಸುಮ್ಮನೆ ಕೂರುವುದಲ್ಲ. ನೋವಿಗೆ ಪ್ಯಾರಾಸಿಟಮಾಲ್ ಬೇಕೇ ಬೇಕು: ಕಿಲೋಗೆ 15 ಮಿ.ಗ್ರಾಂ ಲೆಕ್ಕದಲ್ಲಿ ಸಲಕ್ಕೆ ಸುಮಾರು 180 ಮಿ.ಗ್ರಾಂ, ಆರು ಗಂಟೆಗಿಂತ ಬೇಗ ಮರಳಿ ಕೊಡಬಾರದು. ಮೂರನೇ ದಿನಕ್ಕೂ ಇಳಿಯದಿದ್ದರೆ ವಾಪಸು ಬರುವ ಮಾತು ಗಟ್ಟಿ ಇರಬೇಕು. ವಾಪಸು ಬರಲಾಗದ ಊರಿನ ಮಗುವಿಗೆ ಈ ಕಾಯುವ ದಾರಿ ಹೊಂದದು.

ಮಗು ಮೂರನೇ ದಿನವೂ ನೋವಿನಿಂದ ಅಳುತ್ತಲೇ ಬಂತು ಅಂತಿಟ್ಟುಕೊಳ್ಳಿ. ಈಗ ಅಮಾಕ್ಸಿಸಿಲಿನ್. ಕಿಲೋಗೆ ದಿನಕ್ಕೆ 80ರಿಂದ 90 ಮಿ.ಗ್ರಾಂ, ಎರಡು ಭಾಗ ಮಾಡಿ. 12 ಕಿಲೋಗೆ 960ರಿಂದ 1080 ಆಗುತ್ತದೆ, ಹಾಗಾಗಿ ಬೆಳಿಗ್ಗೆ 500, ಸಂಜೆ 500. ಸಿರಪ್ಪಿನ 5 ಮಿ.ಲೀ.ನಲ್ಲಿ 250 ಮಿ.ಗ್ರಾಂ ಇದ್ದರೆ ಸಲಕ್ಕೆ 10 ಮಿ.ಲೀ.; 125 ಇದ್ದರೆ 20 ಮಿ.ಲೀ. ಎಡವಟ್ಟಾಗುವುದು ಇಲ್ಲೇ. ಬಾಟಲಿ ಬದಲಾದರೂ ತಾಯಿ ಹಿಂದಿನ ಅಳತೆಯಲ್ಲೇ ಕೊಟ್ಟರೆ ಮಗುವಿಗೆ ಅರ್ಧವೇ ಸಿಗುತ್ತದೆ. ಈ ವಯಸ್ಸಿಗೆ, ತೀವ್ರವಲ್ಲದ ಸೋಂಕಿಗೆ, ಏಳು ದಿನ ಸಾಕು. ಎರಡು ವರ್ಷದೊಳಗಾದರೆ ಹತ್ತು ದಿನ.

ಎರಡೇ ದಿನಕ್ಕೆ ನೋವು ಹೋಯಿತು, ಏಳು ದಿನ ಮುಗಿಯಿತು. ನೀರು ಹೋಯಿತೆ? ಬಹಳಷ್ಟು ಸಲ ಇಲ್ಲ. ಇಂಥ ನೂರು ಮಕ್ಕಳನ್ನು ಗಮನಿಸಿದರೆ ಎರಡು ವಾರಕ್ಕೆ ಸುಮಾರು 70 ಮಕ್ಕಳ ಕಿವಿಯಲ್ಲಿ ಇನ್ನೂ ನೀರಿರುತ್ತದೆ. ತಿಂಗಳಿಗೆ 40, ಎರಡು ತಿಂಗಳಿಗೆ 20, ಮೂರು ತಿಂಗಳಿಗೆ 10. ಅಂದರೆ ಸೋಂಕು ವಾಸಿಯಾಗುವುದು ಒಂದು ಘಟನೆ, ಕಿವಿ ಒಣಗುವುದು ಇನ್ನೊಂದು.

ಯಾಕೆ ಹೀಗೆ? ಎಣ್ಣೆ ಡಬ್ಬಿ ನೆನಪು ಮಾಡಿಕೊಳ್ಳಿ. ಒಂದೇ ತೂತು ಕೊರೆದು ಬಗ್ಗಿಸಿದರೆ ಎಣ್ಣೆ ಸರಿಯಾಗಿ ಬೀಳುವುದಿಲ್ಲ. ಗಾಳಿ ಒಳಗೆ ಹೋಗಲು ಇನ್ನೊಂದು ತೂತು ಬೇಕು. ಮಧ್ಯಕಿವಿಯೂ ಅಂಥದೇ ಡಬ್ಬಿ. ತಮಟೆ ಮುಚ್ಚಿದ ಮುಚ್ಚಳ. ಇರುವ ಒಂದೇ ದಾರಿ ಮೂಗಿನ ಹಿಂಭಾಗಕ್ಕೆ ಹೋಗುವ ಯುಸ್ಟೇಷಿಯನ್ ನಾಳ. ಆ ನಾಳ ಸದಾ ತೆರೆದಿರುವುದಿಲ್ಲ, ನುಂಗುವಾಗ, ಆಕಳಿಸುವಾಗ ಕ್ಷಣ ಮಾತ್ರ ತೆರೆಯುತ್ತದೆ. ಚಿಕ್ಕ ಮಕ್ಕಳಲ್ಲಿ ಅದು ಗಿಡ್ಡ, ಹೆಚ್ಚು ಅಡ್ಡಕ್ಕೆ ಮಲಗಿರುತ್ತದೆ, ತೆರೆಯುವ ಸ್ನಾಯುವಿನ ಹಿಡಿತವೂ ಬಲಿತಿರುವುದಿಲ್ಲ. ನೆಗಡಿಯಲ್ಲಿ ಒಳಪದರ ಊದಿದರೆ ಗಾಳಿ ಬರುವುದು ನಿಲ್ಲುತ್ತದೆ. ಒಳಗಿದ್ದ ಗಾಳಿಯನ್ನು ರಕ್ತ ಹೀರಿಕೊಂಡು ಒತ್ತಡ ಇಳಿಯುತ್ತದೆ, ದ್ರವ ಜಿನುಗುತ್ತದೆ. ಸೋಂಕಿನಲ್ಲಿ ಲೋಳೆ ಮಾಡುವ ಕೋಶಗಳು ಹೆಚ್ಚಾಗಿ, ಲೋಳೆ ತಳ್ಳುವ ಸೂಕ್ಷ್ಮ ರೋಮಗಳು ಹಾಳಾಗಿರುತ್ತವೆ. ಹಾಗಾಗಿ ತೆಳುವಾಗಿದ್ದ ನೀರು ಬರಬರುತ್ತಾ ಗೋಂದಿನಂತೆ ಮಂದವಾಗುತ್ತದೆ.

ಇದು ಅರ್ಥವಾದರೆ ಇನ್ನೊಂದು ಕೋರ್ಸ್ ಆ್ಯಂಟಿಬಯೋಟಿಕ್ ಯಾಕೆ ಬೇಡ ಅನ್ನುವುದೂ ಅರ್ಥವಾಗುತ್ತದೆ. ಔಷಧಿ ಸೂಕ್ಷ್ಮಜೀವಿಯನ್ನು ಕೊಲ್ಲುತ್ತದೆ, ನಾಳವನ್ನು ತೆರೆಯುವುದಿಲ್ಲ. ನೋವಿಲ್ಲದೆ ಬರೀ ನೀರು ನಿಂತ ಕಿವಿಗೆ ಆ್ಯಂಟಿಬಯೋಟಿಕ್, ಸ್ಟೀರಾಯ್ಡ್, ನೆಗಡಿ ಸಿರಪ್ಪು ಯಾವುದನ್ನೂ ಮಾರ್ಗಸೂಚಿಗಳು ಒಪ್ಪುವುದಿಲ್ಲ. ಎಣ್ಣೆ ಹಾಕಿದರೂ ಅದು ತಮಟೆಯ ಈಚೆಗೇ ನಿಲ್ಲುತ್ತದೆ. ತಮಟೆ ತೂತಾಗಿದ್ದರೆ ಅಪಾಯ ಬೇರೆ.

ಈ ಹಂತದಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದ್ದು: “ಮೇಡಂ, ನಮ್ಮ ಕಡಿ ತಾಯಂದಿರು ಅಂತಾರ್ರಿ, ‘ಕೂಸಿಗೆ ಎರಡು ಭಾಷಾ ಆಗಿ ಗೊಂದಲ ಆಗ್ಯದ, ಅದಕ್ಕ ಕರೆದರ ತಿರುಗಿ ನೋಡಂಗಿಲ್ಲ’ ಅಂತ. ಇದು ಖರೇ ಏನ್ರಿ?”

ಒಳ್ಳೆ ಪ್ರಶ್ನೆ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತು ತಡವಾಗುವುದಿಲ್ಲ. ಕರೆದರೆ ತಿರುಗುವುದಕ್ಕೆ ಭಾಷೆಯ ಗೊಂದಲ ಅಡ್ಡಿಯಲ್ಲ, ಕೇಳಿಸದಿರುವುದು ಅಡ್ಡಿ. ನೀರು ನಿಂತ ಕಿವಿಯಲ್ಲಿ ಸರಾಸರಿ 25 ಡೆಸಿಬಲ್‌ನಷ್ಟು ಶ್ರವಣ ಕಡಿಮೆಯಾಗುತ್ತದೆ. ಎರಡೂ ಕಿವಿಗೆ ಬೆರಳಿಟ್ಟು ಪಾಠ ಕೇಳಿ ನೋಡಿ, ಅಂದಾಜು ಸಿಗುತ್ತದೆ. ಜೋರು ದನಿ ಕೇಳುತ್ತದೆ, ಅದಕ್ಕೇ ಮನೆಯವರು ‘ಕಿವಿ ಚೆನ್ನಾಗಿದೆ’ ಅಂತಾರೆ. ‘ಸ’, ‘ಶ’ದಂಥ ಮೆಲುದನಿ, ಪದದ ಕೊನೆಯ ಪ್ರತ್ಯಯ ತಪ್ಪಿಹೋಗಬಹುದು. ಹುಟ್ಟಿದಾಗಿನ ಪರೀಕ್ಷೆಯಲ್ಲಿ ಪಾಸಾಗಿದ್ದರೂ ಇದು ಬರಬಹುದು, ಯಾಕಂದ್ರೆ ಈ ನೀರು ಆಮೇಲೆ ಸೇರಿದ್ದು.

ಹಾಗಾದರೆ ಯಾವಾಗ ಪರೀಕ್ಷೆ? ನೀರು ಕಂಡ ದಿನದಿಂದ ಮೂರು ತಿಂಗಳು ಕಾಯುತ್ತೇವೆ, ಹೆಚ್ಚಿನವು ತಾನಾಗಿ ಒಣಗುವುದರಿಂದ. ಸೀಳು ಅಂಗುಳ, ಡೌನ್ ಸಿಂಡ್ರೋಮ್, ಮೊದಲೇ ಮಾತಿನ ತಡ ಇರುವ ಮಕ್ಕಳಿಗೆ ಮಾತ್ರ ಕಾಯದೆ ಪರೀಕ್ಷೆ. ಮೂರು ತಿಂಗಳಿಗೂ ನೀರಿದ್ದರೆ ಟಿಂಪನೋಗ್ರಾಮ್ ಮಾಡುತ್ತಾರೆ. ತಮಟೆ ಅಲುಗದಿದ್ದರೆ ಗೆರೆ ಚಪ್ಪಟೆ ಬರುತ್ತದೆ. ಆದರೆ ಚಪ್ಪಟೆ ಗೆರೆ ನೀರಿದೆ ಅನ್ನುತ್ತದೆ, ಎಷ್ಟು ಕೇಳಿಸುತ್ತದೆ ಅನ್ನುವುದಿಲ್ಲ. ಅದಕ್ಕೆ ವಯಸ್ಸಿಗೆ ತಕ್ಕ ಶ್ರವಣ ಪರೀಕ್ಷೆ ಬೇಕು. ಎರಡೂವರೆ ವರ್ಷದವರೆಗೆ ಸದ್ದಿನ ಕಡೆ ತಿರುಗಿದರೆ ದೀಪ, ಗೊಂಬೆ ತೋರಿಸುವ ಪರೀಕ್ಷೆ; ಅಲ್ಲಿಂದ ಮುಂದೆ ಸದ್ದು ಕೇಳಿದಾಗೆಲ್ಲ ಬುಟ್ಟಿಗೆ ಗುಂಡು ಹಾಕಿಸುವ ಆಟದ ಪರೀಕ್ಷೆ. ಎರಡೂ ಕಿವಿಯಲ್ಲಿ ಮೂರು ತಿಂಗಳು ನೀರು ನಿಂತು ಶ್ರವಣ ಕುಗ್ಗಿದ್ದರೆ ಗ್ರೊಮೆಟ್ ಕೊಳವೆಯ ಚರ್ಚೆ ಬರುತ್ತದೆ. ಅದು ತಮಟೆಯಲ್ಲಿ ಮಾಡುವ, ಡಬ್ಬಿಯ ಎರಡನೇ ತೂತು. ನಮ್ಮ ಮಗುವಿನಂತೆ ಒಂದೇ ಕಿವಿಯಾದರೆ, ಶ್ರವಣ ಚೆನ್ನಾಗಿದ್ದರೆ, ಮೂರರಿಂದ ಆರು ತಿಂಗಳಿಗೊಮ್ಮೆ ನೋಡುತ್ತಾ ಹೋಗಬಹುದು.

ಗಡಿಯ ಊರುಗಳಲ್ಲಿ ಕಷ್ಟ ಇರುವುದು ಈ ಮೂರು ತಿಂಗಳಲ್ಲೇ. ಪಾಲಮೂರು ಸೀಮೆಯಿಂದ ಕೂಲಿಗೆ ಗುಳೆ ಹೋಗುವ ಕುಟುಂಬಗಳು ಬಹಳ. ಇವತ್ತು ಮಖ್ತಲ್‌ನಲ್ಲಿ ತೋರಿಸಿದ ಮಗು ಮುಂದಿನ ಸಲ ರಾಯಚೂರಿನಲ್ಲೋ ಹೈದರಾಬಾದಿನಲ್ಲೋ ಇರುತ್ತದೆ. ಅಲ್ಲಿನ ವೈದ್ಯರಿಗೆ ಮೊದಲ ದಿನ ಗೊತ್ತಿಲ್ಲದಿದ್ದರೆ ಮೂರು ತಿಂಗಳ ಎಣಿಕೆ ಮತ್ತೆ ಒಂದರಿಂದ ಶುರು. ಅದಕ್ಕೆ ಮಗುವಿನ ಲಸಿಕೆ ಕಾರ್ಡಿನ ಮೇಲೆ ಮೂರು ವಿಷಯ ಬರೆದರೆ ಸಾಕು: ಯಾವ ಕಿವಿ, ನೀರು ಮೊದಲು ಕಂಡ ತಾರೀಖು, ಶ್ರವಣ ಪರೀಕ್ಷೆಯ ತಾರೀಖು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ಮಧ್ಯಕಿವಿಯ ಸೋಂಕು, ಶ್ರವಣದೋಷ ಎರಡೂ ಸೇರಿವೆ. ಅಂಗನವಾಡಿಗೆ ಬರುವ ತಂಡಕ್ಕೂ ಈ ಕಾರ್ಡು ತೋರಿಸಬಹುದು.

ಕೊನೆಗೆ ಒಂದು ಎಚ್ಚರಿಕೆ. ಕಿವಿಯ ಹಿಂದೆ ಊತ ಬಂದು ಕಿವಿ ಮುಂದಕ್ಕೆ ಬಾಗಿದರೆ, ಮುಖ ಸೊಟ್ಟಗಾದರೆ, ಮಗು ಮಂಪರಾಗಿ ವಾಂತಿ ಮಾಡಿದರೆ ಕಾಯುವ ಲೆಕ್ಕ ಯಾವುದೂ ಅನ್ವಯಿಸದು. ಅದೇ ಗಳಿಗೆಗೆ ದೊಡ್ಡಾಸ್ಪತ್ರೆಗೆ ಹೊರಡಬೇಕು.