ಇಪ್ಪತ್ತಕ್ಕೆ ಏಳು: ಅಂಕವನ್ನು ಮುಚ್ಚಿಟ್ಟು ಉತ್ತರಪತ್ರಿಕೆ ಓದಿ

ಶಾಲೆಯ ಕಿರುಪರೀಕ್ಷೆಯ ಉತ್ತರಪತ್ರಿಕೆ ಮನೆಗೆ ಬಂದ ಸಂಜೆ ನಿಮ್ಮ ಮನೆಯಲ್ಲಿ ಕೇಳಿಬರುವ ಮೊದಲ ಪ್ರಶ್ನೆ ಯಾವುದು? ತಿಪಟೂರಿರಲಿ, ತುರುವೇಕೆರೆಯಿರಲಿ, ಚಿಕ್ಕನಾಯಕನಹಳ್ಳಿಯ ತೋಟದ ಮನೆಯಿರಲಿ, ಬಹುಮಟ್ಟಿಗೆ ಅದು ‘ಎಷ್ಟು ಬಂತು?’ ಎಂಬುದೇ. ಎರಡನೆಯದು ‘ಪಕ್ಕದ ಮನೆಯವನಿಗೆ ಎಷ್ಟು?’ ಎಂಬುದು. ಅಷ್ಟರಲ್ಲಿ ಪತ್ರಿಕೆ ಚೀಲ ಸೇರಿರುತ್ತದೆ. ಒಳಗೆ ಏನು ತಪ್ಪಾಗಿದೆ ಎಂದು ಯಾರೂ ನೋಡಿರುವುದಿಲ್ಲ.

ಕಡಿಮೆ ಅಂಕ ಪಡೆದ ಮಗುವಿನ ದೇಹವೂ ಅದನ್ನು ಅನುಭವಿಸುತ್ತದೆ. ಪರೀಕ್ಷೆಯ ದಿನ ಬೆಳಗ್ಗೆ ಹೊಟ್ಟೆನೋವು, ತಲೆನೋವು, ರಾತ್ರಿ ನಿದ್ರೆ ಬಾರದಿರುವುದು, ತಿಂಡಿ ಬೇಡವೆನ್ನುವುದು ಇವೆಲ್ಲ ನಟನೆಯಲ್ಲ. ಆತಂಕದಲ್ಲಿರುವಾಗ ಲೆಕ್ಕದ ಎರಡು ಮೂರು ಹಂತಗಳನ್ನು ಒಟ್ಟಿಗೆ ನೆನಪಿನಲ್ಲಿ ಹಿಡಿದಿಡುವ ಮನಸ್ಸಿನ ಶಕ್ತಿ ಕುಗ್ಗುತ್ತದೆ. ಹೀಗಾಗಿ ಅಂಕದ ಭಯವೇ ಮುಂದಿನ ಅಂಕವನ್ನು ತಿನ್ನುತ್ತದೆ.

ಮೊದಲು ಆ ಅಂಕದ ತೂಕವೆಷ್ಟು ಎಂದು ನೋಡೋಣ. ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ವಿಜ್ಞಾನದಂತಹ ವಿಷಯಕ್ಕೆ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ಈ 20 ಕೂಡ ವರ್ಷವಿಡೀ ನಡೆಯುವ ಹಲವು ಕಿರುಪರೀಕ್ಷೆ, ಚಟುವಟಿಕೆಗಳಿಂದ ಒಟ್ಟುಗೂಡುವಂಥದು. ಒಂದು ಕಿರುಪರೀಕ್ಷೆಯ ಪಾಲು ಅದರಲ್ಲಿ ಬಹಳ ಚಿಕ್ಕದು. ಆದರೆ ಅದರಲ್ಲಿ ಕಂಡ ತಪ್ಪನ್ನು ತಿದ್ದದೆ ಬಿಟ್ಟರೆ ಅದೇ ತಪ್ಪು 80 ಅಂಕದ ಪರೀಕ್ಷೆಯಲ್ಲಿ ಮತ್ತೆ ಎದುರಾಗುತ್ತದೆ. (ಆಂತರಿಕ ಅಂಕವನ್ನು ಧಾರಾಳವಾಗಿ ಕೊಡುವ ಶಾಲೆಗಳೂ ಇವೆ. 20ಕ್ಕೆ 19 ಬಂದ ಮಗುವಿನ ಪತ್ರಿಕೆಯನ್ನೂ ಹೀಗೆಯೇ ಓದುವುದು ಒಳ್ಳೆಯದು.)

1988ರಲ್ಲಿ ಇಸ್ರೇಲಿನ ಸಂಶೋಧಕಿ ರೂತ್ ಬಟ್ಲರ್ ಐದು-ಆರನೆಯ ತರಗತಿಯ ಮಕ್ಕಳ ಮೇಲೆ ನಡೆಸಿದ ಅಧ್ಯಯನ ಇಲ್ಲಿ ನೆನಪಿಗೆ ಬರುತ್ತದೆ. ಕೆಲವು ಮಕ್ಕಳಿಗೆ ಅಂಕ ಮಾತ್ರ, ಕೆಲವರಿಗೆ ಕೆಲಸದ ಬಗ್ಗೆ ಬರೆದ ಟಿಪ್ಪಣಿ ಮಾತ್ರ, ಇನ್ನು ಕೆಲವರಿಗೆ ಎರಡನ್ನೂ ಕೊಡಲಾಯಿತು. ಟಿಪ್ಪಣಿ ಮಾತ್ರ ಸಿಕ್ಕ ಮಕ್ಕಳ ಕೆಲಸ ಸುಧಾರಿಸಿತು, ಆಸಕ್ತಿಯೂ ಉಳಿಯಿತು. ಎರಡೂ ಸಿಕ್ಕವರಿಗೆ ಟಿಪ್ಪಣಿಯ ಪ್ರಯೋಜನ ಆಗಲಿಲ್ಲ. ಅಂಕ ಕಣ್ಣಿಗೆ ಬಿದ್ದ ಮೇಲೆ ಟಿಪ್ಪಣಿಯನ್ನು ಯಾರು ಓದುತ್ತಾರೆ? ಅಲ್ಲಿನವರು ಚಿಕ್ಕ ಮಕ್ಕಳು, ನಮ್ಮ ಹತ್ತನೆಯ ತರಗತಿಯವರಲ್ಲ ಎಂಬುದು ನಿಜ. ಆದರೂ ಒಂದು ಸರಳ ಉಪಾಯವನ್ನು ಅದರಿಂದ ಪಡೆಯಬಹುದು. ಅಂಕ ಬರೆದ ಜಾಗದ ಮೇಲೆ ಒಂದು ಚೀಟಿ ಅಂಟಿಸಿ, ಆಮೇಲೆ ಪತ್ರಿಕೆಯನ್ನು ಮಗುವಿನೊಂದಿಗೆ ಓದಿ.

ಹೋದ ಅಂಕ ಎಲ್ಲಿ ಹೋಯಿತು?

ತುರುವೇಕೆರೆಯ ಕಡೆಯ ಒಬ್ಬ ಹತ್ತನೆಯ ತರಗತಿಯ ಹುಡುಗಿಗೆ ಗಣಿತದಲ್ಲಿ 20ಕ್ಕೆ 7 ಬಂದಿದೆ ಎಂದಿಟ್ಟುಕೊಳ್ಳಿ. ಹೋದದ್ದು 13. ತಪ್ಪಾದ ಪ್ರತಿ ಲೆಕ್ಕದ ಪಕ್ಕದಲ್ಲೂ ‘ಏಕೆ ಹೋಯಿತು’ ಎಂದು ಅವಳೇ ಪೆನ್ಸಿಲಿನಲ್ಲಿ ಬರೆಯಲಿ. ಕೊನೆಯ ಒಂದು ಲೆಕ್ಕ ಮುಟ್ಟಲು ಸಮಯ ಸಾಲಲಿಲ್ಲ, 4 ಅಂಕ. ಗೊತ್ತಿದ್ದ ಲೆಕ್ಕದಲ್ಲಿ ಕಳೆಯುವ ಚಿಹ್ನೆ ಜಾರಿತು, 3 ಅಂಕ. ಎತ್ತರ ಮತ್ತು ದೂರದ ಎರಡು ಲೆಕ್ಕ ಪೂರ್ತಿ ತಪ್ಪು, 6 ಅಂಕ. ‘ನನಗೆ ಗಣಿತ ಬರುವುದಿಲ್ಲ’ ಎಂಬ ಮಾತು ಈಗ ‘ನನಗೆ ಎತ್ತರ-ದೂರದ ಲೆಕ್ಕ ಅರ್ಥವಾಗಿಲ್ಲ’ ಎಂದಾಯಿತು. ಮೂರಕ್ಕೂ ಮದ್ದು ಬೇರೆ ಬೇರೆ. ಚಿಹ್ನೆ ಜಾರಿದ್ದಕ್ಕೆ ಉತ್ತರವನ್ನು ಸಮೀಕರಣಕ್ಕೆ ಹಾಕಿ ತಾಳೆ ನೋಡುವ ಅಭ್ಯಾಸ ಬೇಕು. ಸಮಯದ ಕೊರತೆಗೆ ಗಡಿಯಾರ ಮುಂದಿಟ್ಟುಕೊಂಡು ಬರೆದು ರೂಢಿಯಾಗಬೇಕು. ಮೂರನೆಯದಕ್ಕೆ ತಿಳಿವಳಿಕೆಯೇ ಬೇಕು.

ಆ ಲೆಕ್ಕಗಳಲ್ಲಿ ಟ್ಯಾನ್ ಬರೆಯಬೇಕಾದ ಕಡೆ ಅವಳು ಸೈನ್ ಬರೆದಿದ್ದಾಳೆ. ಸೂತ್ರಗಳು ಬಾಯಿಪಾಠ ಇವೆ. ಆದರೆ ಮರ, ನೆಲ, ನೋಟದ ಗೆರೆ ಇವುಗಳಲ್ಲಿ ಯಾವ ಎರಡು ಕೈಯಲ್ಲಿವೆ ಎಂಬುದು ಕಂಡಿಲ್ಲ. ಇದಕ್ಕೆ ಟ್ಯೂಷನ್ನಿಗಿಂತ ಮನೆಯ ತೋಟವೇ ಮೇಲು. ಒಂದು ಕೋನಮಾಪಕದ ನೇರ ಅಂಚಿಗೆ ಎಳನೀರು ಕುಡಿಯುವ ಕೊಳವೆಯನ್ನು ಅಂಟಿಸಿ, ಮಧ್ಯದ ರಂಧ್ರದಿಂದ ದಾರ ಇಳಿಬಿಟ್ಟು ತುದಿಗೆ ಒಂದು ಸಣ್ಣ ಕಲ್ಲು ಕಟ್ಟಿ. ಕೊಳವೆಯಲ್ಲಿ ಕಣ್ಣಿಟ್ಟು ತೆಂಗಿನ ಮರದ ಸುಳಿಯನ್ನು ನೋಡುತ್ತ, ದಾರ 45ರ ಮೇಲೆ ನಿಲ್ಲುವವರೆಗೆ ಹಿಂದೆ ಸರಿಯಲಿ. ಆಗ ಬುಡಕ್ಕಿರುವ ದೂರ 13.5 ಮೀಟರ್ ಎಂದಿಟ್ಟುಕೊಳ್ಳಿ. ಉನ್ನತ ಕೋನ 45 ಡಿಗ್ರಿ ಆದಾಗ ದೂರ, ಎತ್ತರ ಎರಡೂ ಸಮ. ಅವಳ ಕಣ್ಣು ನೆಲದಿಂದ 1.5 ಮೀಟರ್ ಮೇಲಿದೆ. ಅದನ್ನೂ ಕೂಡಿದರೆ ಮರ 15 ಮೀಟರ್.

ಈಗ ಪರೀಕ್ಷೆ. ಉನ್ನತ ಕೋನ 30 ಡಿಗ್ರಿ ಆಗಲು ಎಷ್ಟು ದೂರ ನಿಲ್ಲಬೇಕು ಎಂದು ಅವಳು ಅಳೆಯುವ ಮೊದಲೇ ಹೇಳಬೇಕು. 13.5ನ್ನು 1.73ರಿಂದ ಗುಣಿಸಿದರೆ ಸುಮಾರು 23.4 ಮೀಟರ್. ಅಲ್ಲಿ ಹೋಗಿ ನಿಂತು ನೋಡಲಿ. ದಾರ 60ರ ಮೇಲೆ ನಿಂತರೆ ಗಾಬರಿ ಬೇಡ. ಕೊಳವೆ ನೆಲಕ್ಕೆ ಸಮನಾಗಿದ್ದಾಗ ದಾರ 90ರಲ್ಲಿರುತ್ತದೆ, ಆದ್ದರಿಂದ ಉನ್ನತ ಕೋನ ಎಂದರೆ 90ರಲ್ಲಿ 60 ಕಳೆದದ್ದು. ಇಲ್ಲಿ ಅವಳು ಅಳೆದದ್ದು ನೆಲದ ದೂರ, ಬೇಕಾದದ್ದು ಎತ್ತರ. ಇಳಿಜಾರಾದ ನೋಟದ ಗೆರೆಯನ್ನು ಮುಟ್ಟಲೇ ಇಲ್ಲ. ಸೈನ್ ಏಕೆ ಬೇಡ ಎಂಬುದು ಅಲ್ಲಿಯೇ ತಿಳಿಯುತ್ತದೆ. ಗಾಳಿಗೆ ಸುಳಿ ಅಲುಗಾಡಿ ಅರ್ಧ ಮೀಟರ್ ಹೆಚ್ಚುಕಡಿಮೆ ಬಂದರೆ ಅದು ಅಳತೆಯ ದೋಷ, ತಿಳಿವಳಿಕೆಯದಲ್ಲ.

ಮುಚ್ಚಿ ಬರೆಯುವುದು

ಅರ್ಥವಾದದ್ದು ಉಳಿಯಬೇಕಲ್ಲ? ಪುಸ್ತಕವನ್ನು ನಾಲ್ಕು ಸಲ ಓದುವುದು ನಮ್ಮಲ್ಲಿ ರೂಢಿ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪು ಪಾಠವನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಮ್ಮೆ ಓದಿ, ಮೂರು ಸಲ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ಬಳಿಕ ಕೇಳಿದಾಗ ಓದಿದವರೇ ಮುಂದಿದ್ದರು: 83ಕ್ಕೆ 71 ಶೇಕಡಾ. ಒಂದು ವಾರದ ಬಳಿಕ ಲೆಕ್ಕ ತಿರುಗಿತು. ಓದಿದವರಿಗೆ ಶೇ. 40 ನೆನಪಿತ್ತು, ಬರೆದವರಿಗೆ ಶೇ. 61. ಮತ್ತೆ ಮತ್ತೆ ಓದಿದ ರಾತ್ರಿ ಎಲ್ಲ ಬಂದಂತೆ ಅನಿಸಿ, ವಾರ ಕಳೆದರೆ ಕೈಕೊಡುವುದು ಇದಕ್ಕೇ.

ನೋಡದೆ ಬರೆಯುವಾಗ ಮಗುವಿಗೆ ‘ಏನೂ ಬರುತ್ತಿಲ್ಲ’ ಎನಿಸುತ್ತದೆ. ಮೊದಲ ವಾರ ಇದು ಸಹಜ, ನೀವು ಅಲ್ಲಿ ತಡೆಯಬೇಡಿ. ಅಟ್ಟದ ಮೇಲಿನ ಕಾಯನ್ನು ಅಲುಗಿಸಿ ನೋಡುವವರಿಗೆ ಇದು ಹೊಸದಲ್ಲ. ಒಳಗೆ ಗಿಟುಕು ಲೊಟಲೊಟ ಎನ್ನದಿದ್ದರೆ ಇನ್ನೂ ಒಣಗಿಲ್ಲ ಎಂದು ಮತ್ತೆ ಅಲ್ಲಿಯೇ ಇಡುತ್ತೇವೆ, ಕಾಯನ್ನು ಬೈಯುವುದಿಲ್ಲ. ತಪ್ಪಿದ ಆ ಎರಡು ಲೆಕ್ಕಗಳನ್ನು ಮರುದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಕಳೆದು ಒಮ್ಮೆ, ಅಂಕಿಗಳನ್ನು ಬದಲಿಸಿ ಪುಸ್ತಕ ಮುಚ್ಚಿ ಮಾಡಲಿ. ಒಂದು ಸಲಕ್ಕೆ 20 ನಿಮಿಷ ಸಾಕು. ಮಾಡಿದ್ದನ್ನು ತಮ್ಮನಿಗೋ ಅಜ್ಜಿಗೋ ಚಿತ್ರ ಬರೆದು ಹೇಳಲು ಬಂದರೆ ಅರ್ಥವಾಗಿದೆ ಎಂದು ತಿಳಿಯಿರಿ. ಸೂತ್ರ ಮಾತ್ರ ಹೇಳಿ ನಿಂತರೆ ಇನ್ನೂ ಇಲ್ಲ.

ನಿದ್ರೆ ಕೆಡಿಸಿ ಓದಿಸಬೇಡಿ. ಹಗಲು ಕಲಿತದ್ದು ಗಟ್ಟಿಯಾಗುವುದು ನಿದ್ರೆಯಲ್ಲಿ. ಈ ವಯಸ್ಸಿಗೆ ದಿನಕ್ಕೆ 8ರಿಂದ 10 ಗಂಟೆ ಬೇಕು.

ಇಷ್ಟರಲ್ಲಿಯೂ ಮಗು ಎರಡು ವಾರ ಕಳೆದರೂ ಮಂಕಾಗಿಯೇ ಇದ್ದರೆ, ಊಟ ನಿದ್ರೆ ಬಿಟ್ಟರೆ, ಶಾಲೆಗೆ ಹೋಗಲು ಹಟ ಹಿಡಿದು ನಿರಾಕರಿಸಿದರೆ ಅದು ಓದಿನ ವಿಷಯವಾಗಿ ಉಳಿದಿಲ್ಲ. ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ತೋರಿಸಿ. ಅವರು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರಲ್ಲಿಗೆ ಕಳಿಸಬಲ್ಲರು. ‘ನಾನು ಇರಬಾರದಿತ್ತು’ ಎಂಬಂಥ ಒಂದೇ ಒಂದು ಮಾತು ಕೇಳಿದರೂ ಎರಡು ವಾರ ಕಾಯಬೇಡಿ, ಮಗುವನ್ನು ಒಂಟಿಯಾಗಿ ಬಿಡಬೇಡಿ, ತೋಟದ ಕ್ರಿಮಿನಾಶಕಗಳನ್ನು ಬೀಗ ಹಾಕಿ ಇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಕರೆಯನ್ನು ತಂದೆತಾಯಿ ಮಾಡಬಹುದು, ಮಗುವೂ ಮಾಡಬಹುದು.