ನಿಮಗಿದು ಗೊತ್ತೆ? ಘಾಟಿ ಇಳಿಯುವ ಮೊದಲೇ ಶುಂಠಿ

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಿಂದ ಧರ್ಮಸ್ಥಳಕ್ಕೆ ಹೊರಟ ಬಸ್ಸು ಸಕಲೇಶಪುರ ದಾಟಿ ಶಿರಾಡಿ ಘಾಟಿಯ ತಿರುವಿಗೆ ಬಂದಾಗ ಹಲವರಿಗೆ ಹೊಟ್ಟೆ ತೊಳಸುತ್ತದೆ. ಇದಕ್ಕೆ ಹಾಸನ ಜಿಲ್ಲೆಯ ಹೊಲಗಳಲ್ಲೇ ಬೆಳೆಯುವ ಶುಂಠಿ ಒಂದು ಮದ್ದು.

ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸಿರುವುದು ಒಣಶುಂಠಿ ಪುಡಿಯನ್ನು. ಅದರಲ್ಲಿ ಅಳತೆ ತಪ್ಪುವುದಿಲ್ಲ. ದೊಡ್ಡವರಿಗೆ 1 ಗ್ರಾಂ, ಅಂದರೆ ಸುಮಾರು ಅರ್ಧ ಟೀ ಚಮಚ ಸಾಕು. ಬಸ್ಸು ಹತ್ತುವ ಅರ್ಧ ಗಂಟೆ ಮೊದಲು ಬಿಸಿನೀರಿನಲ್ಲಿ ಕದಡಿ ಕುಡಿಯಬೇಕು. ವಾಂತಿ ಶುರುವಾದ ಮೇಲೆ ತೆಗೆದುಕೊಂಡರೆ ಅದು ಹೊಟ್ಟೆಯಲ್ಲಿ ನಿಲ್ಲುವುದೇ ಕಷ್ಟ.

ಹಸಿ ಶುಂಠಿಯಲ್ಲಿ ಬಹುಪಾಲು ನೀರು. ಹಾಗಾಗಿ ಅಷ್ಟೇ ಬಲ ಬೇಕಾದರೆ ಸುಮಾರು 5 ಗ್ರಾಂ ಜಗಿಯಬೇಕು. ಶುಂಠಿ ಪೆಪ್ಪರಮಿಂಟು, ಬಿಸ್ಕತ್ತುಗಳಲ್ಲಿ ಸಕ್ಕರೆಯೇ ಜಾಸ್ತಿ.

1982ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಪ್ರಯೋಗವೊಂದರಲ್ಲಿ, ತಿರುಗುವ ಕುರ್ಚಿಯಲ್ಲಿ ಕೂತವರಿಗೆ ಶುಂಠಿ ಪುಡಿಯು ವಾಂತಿ ತಡೆಯುವ ಮಾತ್ರೆಗಿಂತ ಹೆಚ್ಚು ನೆರವಾಗಿತ್ತು. ಆಮೇಲಿನ ಎಲ್ಲ ಪ್ರಯೋಗಗಳೂ ಇದನ್ನು ಒಪ್ಪಿಲ್ಲ. ಕೆಲವರಿಗೆ ಗುಣ ಕಾಣದು. ಅತಿಯಾದರೆ ಎದೆಯುರಿ ಬರುತ್ತದೆ.

ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ.